ಎಲ್ಲಿ ನಿಂತಿತು, ಯಾವಾಗ ನಿಂತಿತು?

ಪರದೆಯ ಮೇಲೆ ಶೇಕಡಾ 99 ಎಂದಿರುತ್ತದೆ. ಅದರ ಕೆಳಗೆ 'ಇನ್ನು ಒಂದು ನಿಮಿಷ' ಎಂಬ ಭರವಸೆ. ಆ ಒಂದು ನಿಮಿಷ ಮುಕ್ಕಾಲು ಗಂಟೆಯಾದರೂ ಮುಗಿಯುವುದಿಲ್ಲ. ಕೊನೆಗೆ ಮನೆಯಲ್ಲಿ ಯಾರೋ ತಾಳ್ಮೆ ಕಳೆದುಕೊಂಡು ಫೋನ್ ಆಫ್ ಮಾಡಿ ಆನ್ ಮಾಡುತ್ತಾರೆ, ಎಲ್ಲವೂ ಸೊನ್ನೆಯಿಂದ ಶುರುವಾಗುತ್ತದೆ. ಹಳೆ ಫೋನಿನಿಂದ ಹೊಸದಕ್ಕೆ ಡೇಟಾ ಸಾಗಿಸಿದವರಲ್ಲಿ ಬಹಳ ಜನ ಇದನ್ನು ಕಂಡಿದ್ದಾರೆ. ಮರುದಿನ ಅಂಗಡಿಗೆ ಹೋಗಿ ಕೇಳಿದರೆ 'ಕೇಬಲ್ ಹಾಕಿ ಸಾರ್' ಎಂದೋ 'ವೈ-ಫೈಯಲ್ಲೇ ಮಾಡಿ ಮೇಡಂ' ಎಂದೋ ಸಲಹೆ ಸಿಗುತ್ತದೆ. ಎರಡೂ ಸರಿಯಿರಬಹುದು, ಎರಡೂ ತಪ್ಪಿರಬಹುದು. ಕೆಲಸ ಯಾಕೆ ನಿಂತಿತು ಎಂದು ತಿಳಿಯದೆ ದಾರಿ ಬದಲಿಸಿದರೆ ಹೊಸ ದಾರಿಯಲ್ಲೂ ಅದು ಅಲ್ಲೇ ನಿಂತೀತು.

ಕಾರಣ ಹುಡುಕುವುದಕ್ಕೆ ವಿಶೇಷ ಉಪಕರಣ ಬೇಡ. ಎರಡು ಸಲ ನಿಂತಾಗ ಎಲ್ಲಿ ನಿಂತಿತು, ಶುರುವಾಗಿ ಎಷ್ಟು ಹೊತ್ತಿಗೆ ನಿಂತಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಅದು ಹೇಗೆ ಎಂದು ನೋಡುವ ಮೊದಲು, ಆ ಶೇಕಡಾ ಲೆಕ್ಕ ಏನನ್ನು ಅಳೆಯುತ್ತದೆ ಎಂದು ತಿಳಿದಿರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಐದು ವರ್ಷ ಹಳೆಯ ಆಂಡ್ರಾಯ್ಡ್ ಫೋನು, ಒಳಗೆ 64 ಜಿಬಿ ಜಾಗ, ಜೊತೆಗೊಂದು ಮೆಮೊರಿ ಕಾರ್ಡು. ಸಾಗಬೇಕಾದದ್ದು ಒಟ್ಟು 52 ಜಿಬಿ. ಅದರಲ್ಲಿ 22 ಜಿಬಿ ಮದುವೆ, ಮುಂಜಿ, ಮಕ್ಕಳ ಸ್ಕೂಲ್ ಡೇಯ ಫೋಟೊ ಮತ್ತು ವಿಡಿಯೊ. 18 ಜಿಬಿ ವಾಟ್ಸ್ಆ್ಯಪ್. ಉಳಿದ 12 ಜಿಬಿಯಲ್ಲಿ ಹಾಡು, ಪಿಡಿಎಫ್, ಇತರ ಆ್ಯಪ್‌ಗಳ ಸಾಮಾನು. ಇದನ್ನೆಲ್ಲ ಫೋನು 'ಒಂದು ಕೆಲಸ' ಎಂದು ತೋರಿಸುತ್ತದೆ. ಆದರೆ ಒಳಗೆ ನಡೆಯುವುದು ಬೇರೆ ಬೇರೆ ನಾಲ್ಕಾರು ಕೆಲಸ: ಸಂಪರ್ಕ ಸಂಖ್ಯೆಗಳನ್ನೂ ಎಸ್ಎಂಎಸ್‌ಗಳನ್ನೂ ಓದಿ ಹೊಸ ಪಟ್ಟಿಗೆ ಸೇರಿಸುವುದು, ಫೋಟೊಗಳನ್ನು ನಕಲು ಮಾಡುವುದು, ಆ್ಯಪ್‌ಗಳನ್ನು ಹಾಕುವುದು, ಕೊನೆಗೆ ಬಂದದ್ದನ್ನೆಲ್ಲ ಜೋಡಿಸಿ ಗ್ಯಾಲರಿಗೆ ಸೂಚಿ ತಯಾರಿಸುವುದು. ಪ್ಲೇ ಸ್ಟೋರಿನಿಂದ ಆ್ಯಪ್ ಇಳಿಸಿಕೊಳ್ಳುವ ಹಂತಕ್ಕೆ ಬಂದಮೇಲೆ ಹಳೆ ಫೋನಿಗೂ ಕೇಬಲ್ಲಿಗೂ ಕೆಲಸವೇ ಇಲ್ಲ. ಆಗ ನಡೆಯುತ್ತಿರುವುದು ಮನೆಯ ಇಂಟರ್ನೆಟ್ ಮೇಲೆ. ಕೇಬಲ್ ಚುಚ್ಚಿದ್ದರೂ ನಿಧಾನ ಯಾಕೆ ಎಂದು ಕೇಳುವವರಿಗೆ ಎಷ್ಟೋ ಸಲ ಇದೇ ಉತ್ತರ.

ಇನ್ನೊಂದು ಮೋಸ ಗಾತ್ರದ್ದು. ಮನೆ ಬದಲಾಯಿಸುವಾಗ ಬೀರುವನ್ನು ಇಬ್ಬರು ಹಿಡಿದು ಐದು ನಿಮಿಷದಲ್ಲಿ ಲಾರಿಗೆ ಏರಿಸುತ್ತಾರೆ, ಹೊತ್ತು ಹೋಗುವುದು ಅಡುಗೆಮನೆಯ ಡಬ್ಬಿಗಳಿಗೆ. ಫೋನಿನಲ್ಲೂ ಹಾಗೇ. 2 ಜಿಬಿಯ ಒಂದು ಮದುವೆ ವಿಡಿಯೊ ಸರಾಗವಾಗಿ ಹೋಗುತ್ತದೆ. ವಾಟ್ಸ್ಆ್ಯಪ್ ಫೋಲ್ಡರಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ, ಸ್ಟಿಕರ್, ಧ್ವನಿ ತುಣುಕು ಎಲ್ಲ ಸೇರಿ 50,000 ಫೈಲುಗಳಿದ್ದರೆ, ಒಂದೊಂದನ್ನೂ ತೆರೆದು, ಬರೆದು, ಮುಚ್ಚಬೇಕು. ಫೈಲೊಂದಕ್ಕೆ ಈ ಉಪಚಾರಕ್ಕೆಂದೇ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು ಹಿಡಿದರೂ ಒಟ್ಟು 40 ನಿಮಿಷ ದಾಟಿತು. ಉಳಿದಿರುವ ಸಮಯವನ್ನು ಫೋನು ಅಂದಾಜು ಮಾಡುವುದು ಸಾಗಿದ ಜಿಬಿಯನ್ನು ನೋಡಿ. ಹೀಗಾಗಿ ಕೊನೆಯ ಅರ್ಧ ಜಿಬಿಯಲ್ಲಿ ಇಪ್ಪತ್ತು ಸಾವಿರ ಚೂರುಪಾರು ಉಳಿದಿದ್ದರೆ ಅದು ಶೇಕಡಾ 99 ಎಂದೇ ಹೇಳುತ್ತ ಕೂರುತ್ತದೆ. ಸುಳ್ಳು ಹೇಳುತ್ತಿಲ್ಲ, ತಪ್ಪು ವಸ್ತುವನ್ನು ಎಣಿಸುತ್ತಿದೆ ಅಷ್ಟೆ.

ಆದ್ದರಿಂದ ನಿಂತಿದೆ ಎಂದು ತೀರ್ಮಾನಿಸುವ ಮುನ್ನ ನಿಜವಾಗಿ ನಿಂತಿದೆಯೇ ನೋಡಬೇಕು. ಶೇಕಡಾ ಸಂಖ್ಯೆ ಬಿಡಿ, ಪರದೆಯಲ್ಲಿ ಫೈಲುಗಳ ಎಣಿಕೆಯೋ ಜಿಬಿಯ ಲೆಕ್ಕವೋ ಕಾಣುತ್ತಿದ್ದರೆ ಅದನ್ನು ಗಮನಿಸಿ. ಹತ್ತು ನಿಮಿಷದಲ್ಲಿ ಅದು ಒಂದಿಷ್ಟಾದರೂ ಬದಲಾದರೆ ಕೆಲಸ ನಡೆಯುತ್ತಿದೆ. ಫೋನಿನ ಬೆನ್ನು ಬೆಚ್ಚಗಿದ್ದರೆ ಒಳಗೆ ಏನೋ ಓಡುತ್ತಿದೆ ಎಂದೇ ಅರ್ಥ. ಅರ್ಧ ಗಂಟೆಯಾದರೂ ಎಣಿಕೆ ಕದಲದೆ, ಎರಡೂ ಫೋನು ತಣ್ಣಗಾಗಿದ್ದರೆ ಮಾತ್ರ ಕೈಹಾಕಿ.

ಈಗ ಕೇಬಲ್ಲೋ ವೈರ್‌ಲೆಸ್ಸೋ ಎಂಬ ಪ್ರಶ್ನೆ. ವೇಗದ ಲೆಕ್ಕ ಅನೇಕರು ಅಂದುಕೊಂಡಂತಿಲ್ಲ. ಸಾಮಾನ್ಯ ಬೆಲೆಯ ಫೋನುಗಳ ಟೈಪ್-ಸಿ ಕಿಂಡಿ, ಡಬ್ಬದಲ್ಲಿ ಕೊಡುವ ಕೇಬಲ್ ಎರಡೂ ಹೆಚ್ಚಾಗಿ ಯುಎಸ್‌ಬಿ 2.0 ದರ್ಜೆಯವು. ಕಿಂಡಿಯ ಆಕಾರ ಹೊಸದು, ಒಳಗಿನ ವೇಗ 2000ನೇ ಇಸವಿಯದು. ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್, ಕೈಗೆ ಸಿಗುವುದು ಸುಮಾರು 30 ಮೆಗಾಬೈಟ್. ನಮ್ಮ 52 ಜಿಬಿ ಅದರಲ್ಲಿ ಅರ್ಧ ಗಂಟೆಯಲ್ಲಿ ದಾಟಬೇಕು, ಡಬ್ಬಿಗಳ ಉಪಚಾರ ಬೇರೆ. ವೈರ್‌ಲೆಸ್‌ನಲ್ಲಿ ಎರಡೂ ಫೋನು 5 ಗಿಗಾಹರ್ಟ್ಸ್ ವೈ-ಫೈ ಹಿಡಿದರೆ ಸೆಕೆಂಡಿಗೆ 25 ಮೆಗಾಬೈಟ್ ಸಿಗಬಹುದು, ಅಂದರೆ 35 ನಿಮಿಷ; ಹೆಚ್ಚು ವ್ಯತ್ಯಾಸವೇನಿಲ್ಲ. ಆದರೆ ಹಳೆ ಫೋನಿನಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇದ್ದರೆ 5 ಮೆಗಾಬೈಟ್ ಬಂದರೂ ಪುಣ್ಯ. ಅದೇ 52 ಜಿಬಿಗೆ ಮೂರು ಗಂಟೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಹತ್ತಾರು ರೌಟರುಗಳೂ ಇದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತಿದ್ದರೆ ಇನ್ನೂ ಹೆಚ್ಚು. ಹೀಗಾಗಿ ಹೊಸ ಫೋನು ಎಷ್ಟು ದುಬಾರಿಯದು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಹಳೆಯದು ಎಷ್ಟು ಹಳೆಯದು ಎಂಬುದೇ ಮುಖ್ಯ.

ನನ್ನ ಕೇಳಿದರೆ, ಕೇಬಲ್ಲಿನ ನಿಜವಾದ ಲಾಭ ವೇಗವಲ್ಲ. ನಡುವೆ ಬಾಯಿ ಹಾಕುವವರು ಯಾರೂ ಇಲ್ಲ ಎಂಬುದು.

ವೈರ್‌ಲೆಸ್‌ನಲ್ಲಿ ಬಾಯಿ ಹಾಕುವವರು ಬಹಳ. ಈ ವಿಧಾನದಲ್ಲಿ ಡೇಟಾ ನಿಮ್ಮ ಮನೆಯ ರೌಟರಿನ ಮೂಲಕವೇ ಹೋಗಬೇಕೆಂದಿಲ್ಲ. ಬ್ಲೂಟೂತ್ ಅಥವಾ ಕ್ಯೂಆರ್ ಕೋಡ್ ಮೂಲಕ ಫೋನುಗಳು ಪರಿಚಯ ಮಾಡಿಕೊಳ್ಳುತ್ತವೆ, ಆಮೇಲೆ ಒಂದು ಫೋನು ತಾನೇ ಪುಟ್ಟ ವೈ-ಫೈ ಜಾಲ ಸೃಷ್ಟಿಸುತ್ತದೆ, ಇನ್ನೊಂದು ಅದನ್ನು ಸೇರುತ್ತದೆ. ಸ್ಯಾಮ್ಸಂಗ್‌ನ ಸ್ಮಾರ್ಟ್ ಸ್ವಿಚ್, ವಿವೊದ ಈಸಿಶೇರ್, ಶಿಯೋಮಿಯ ಮಿ ಮೂವರ್, ಒನ್‌ಪ್ಲಸ್ ಮತ್ತು ಒಪ್ಪೊದ ಕ್ಲೋನ್ ಫೋನ್, ಆ್ಯಪಲ್‌ನ ಮೂವ್ ಟು ಐಒಎಸ್, ಎಲ್ಲವುಗಳ ವೈರ್‌ಲೆಸ್ ದಾರಿಯೂ ಸ್ಥೂಲವಾಗಿ ಇದೇ. ತೊಡಕು ಇಲ್ಲೇ. ಆ ಪುಟ್ಟ ಜಾಲದಲ್ಲಿ ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಇಲ್ಲದ ವೈ-ಫೈ ಕಂಡರೆ ಅದನ್ನು ಬಿಟ್ಟು ಮೊಬೈಲ್ ಡೇಟಾಗೋ ಮನೆಯ ರೌಟರಿಗೋ ಹಾರುವ ಬುದ್ಧಿವಂತಿಕೆಯನ್ನು ಅನೇಕ ಫೋನುಗಳಿಗೆ ಕಲಿಸಿಡಲಾಗಿದೆ. ದಿನನಿತ್ಯದಲ್ಲಿ ಇದು ಉಪಕಾರ. ವರ್ಗಾವಣೆಯ ನಡುವೆ ಇದೇ ಉಪಕಾರ ಸೇತುವೆ ಮುರಿಯುತ್ತದೆ. ಹಳೆ ಫೋನು ಮೆಲ್ಲಗೆ ಕೈ ಬಿಟ್ಟಿರುತ್ತದೆ, ಹೊಸದು ಇನ್ನೂ ಕಾಯುತ್ತಿರುತ್ತದೆ, ಪರದೆಯಲ್ಲಿ ದೋಷದ ಸಂದೇಶವೂ ಬರುವುದಿಲ್ಲ. ಮೂವ್ ಟು ಐಒಎಸ್ ಬಳಸುವಾಗ ಮೊಬೈಲ್ ಡೇಟಾ ಆಫ್ ಮಾಡಿ, ಜಾಲ ಬದಲಿಸುವ ಸೆಟ್ಟಿಂಗ್‌ಗಳನ್ನು ನಿಲ್ಲಿಸಿ ಎಂದು ಆ್ಯಪಲ್ ತನ್ನ ಸೂಚನೆಯಲ್ಲೇ ಹೇಳಿರುವುದು ಇದಕ್ಕಾಗಿ. ಬೇರೆ ಆ್ಯಪ್‌ಗಳಿಗೂ ಅದೇ ಔಷಧ. ವಿಪಿಎನ್ ಇದ್ದರೆ ಅದನ್ನೂ ನಿಲ್ಲಿಸಿ.

ಎರಡನೆಯದು ಪರದೆ ಆರುವುದು. ಬ್ಯಾಟರಿ ಉಳಿಸುವ ಹುಮ್ಮಸ್ಸಿನಲ್ಲಿ ಹಲವು ಕಂಪನಿಗಳ ಫೋನುಗಳು ಪರದೆ ಆರಿ ಕೆಲ ನಿಮಿಷಕ್ಕೆ ಹಿನ್ನೆಲೆಯ ಆ್ಯಪನ್ನು ನಿದ್ದೆಗೆ ದೂಡುತ್ತವೆ. ಮೂವ್ ಟು ಐಒಎಸ್ ಅಂತೂ ಇನ್ನೂ ಕಟ್ಟುನಿಟ್ಟು: ಅದು ಮುಗಿಯುವವರೆಗೆ ಆಂಡ್ರಾಯ್ಡ್ ಪರದೆಯ ಮೇಲೆಯೇ ಇರಬೇಕು, ನಡುವೆ ಬೇರೆ ಆ್ಯಪ್ ತೆರೆದರೂ ಕರೆ ಬಂದರೂ ವರ್ಗಾವಣೆ ಕೆಟ್ಟಿತು. ಹಾಗಾಗಿ ಪರದೆ ಆರುವ ಅವಧಿಯನ್ನು ಸೆಟ್ಟಿಂಗ್‌ನಲ್ಲಿ ಸಿಗುವ ಗರಿಷ್ಠಕ್ಕೆ ಏರಿಸಿ, ಬ್ಯಾಟರಿ ಸೇವರ್ ಆಫ್ ಮಾಡಿ, ಎರಡೂ ಫೋನನ್ನು ಚಾರ್ಜಿಗೆ ಹಾಕಿ, ಊರಿನವರೆಲ್ಲ ಕರೆ ಮಾಡುವ ಹೊತ್ತು ಬಿಟ್ಟು ರಾತ್ರಿ ಶುರುಮಾಡುವುದು ಲೇಸು.

ಎರಡು ಫೋನುಗಳು ಒಂದನ್ನೊಂದು ಕಾಣುವುದೇ ಇಲ್ಲ ಎಂಬ ದೂರು ಬೇರೆ ಬಗೆಯದು. ಆಗ ಸಾಮಾನ್ಯವಾಗಿ ಲೊಕೇಶನ್ ಅನುಮತಿಯ ಕಡೆ ನೋಡಬೇಕು. ಸುತ್ತಲಿನ ವೈ-ಫೈ ಹೆಸರುಗಳಿಂದ ಒಬ್ಬರು ಎಲ್ಲಿದ್ದಾರೆಂದು ಊಹಿಸಬಹುದಾದ್ದರಿಂದ, ಹಳೆಯ ಆಂಡ್ರಾಯ್ಡ್‌ಗಳಲ್ಲಿ ವೈ-ಫೈ ಹುಡುಕಾಟಕ್ಕೆ ಲೊಕೇಶನ್ ಅನುಮತಿ ಬೇಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಹತ್ತಿರದ ಸಾಧನಗಳಿಗೆಂದೇ ಪ್ರತ್ಯೇಕ ಅನುಮತಿ ಬಂದಿದೆ. 'ಫೋಟೊ ಕಳಿಸಲು ನಾನಿರುವ ಜಾಗ ಯಾಕೆ ಬೇಕು' ಎಂದು ಬೇಡ ಒತ್ತುವ ಎಚ್ಚರದ ಜನರೇ ಇಲ್ಲಿ ಸಿಕ್ಕಿಬೀಳುತ್ತಾರೆ. ಆಗ ಒಪ್ಪಿ, ಕೆಲಸವಾದ ಮೇಲೆ ವಾಪಸ್ ಪಡೆದರಾಯಿತು.

ಕೇಬಲ್ಲಿನ ತೊಂದರೆಗಳು ಕಣ್ಣಿಗೆ ಕಾಣುವಂಥವು, ಹಾಗಾಗಿ ಬೇಗ ಬಗೆಹರಿಯುತ್ತವೆ. ಮೊದಲನೆಯದು ಚಾರ್ಜಿಂಗಿಗೆ ಮಾತ್ರ ಮಾಡಿದ ಅಗ್ಗದ ಕೇಬಲ್. ಅದರೊಳಗೆ ಡೇಟಾದ ತಂತಿಯೇ ಇರುವುದಿಲ್ಲ. ಪರೀಕ್ಷೆ ಸುಲಭ. ಅದೇ ಕೇಬಲ್ಲಿನಿಂದ ಫೋನನ್ನು ಕಂಪ್ಯೂಟರಿಗೆ ಚುಚ್ಚಿ, ಫೋನಿನ ನೋಟಿಫಿಕೇಶನ್ನಿನಲ್ಲಿ ಯುಎಸ್‌ಬಿ ಆಯ್ಕೆ ತೆರೆದು `File transfer` ಆರಿಸಿದ ಮೇಲೂ ಫೋಲ್ಡರುಗಳು ಕಾಣದಿದ್ದರೆ ಕೇಬಲ್ ಬದಲಿಸಿ. ಎರಡನೆಯದು ಇದೇ ಆಯ್ಕೆ ಮರೆಯುವುದು. ಆಂಡ್ರಾಯ್ಡ್ ಸುರಕ್ಷತೆಗಾಗಿ ಕೇಬಲ್ ಚುಚ್ಚಿದಾಗ ಚಾರ್ಜಿಂಗ್ ಮಾತ್ರ ಎಂಬ ಸ್ಥಿತಿಯಲ್ಲೇ ಇರುತ್ತದೆ. ಹಳೆ ಫೋನಿನ ಲಾಕ್ ತೆರೆದು ಅನುಮತಿ ಕೊಡದೆ ಹೊಸದಕ್ಕೆ ಒಳಗಿನದೇನೂ ಕಾಣದು. ಮೂರನೆಯದು ಕಿಂಡಿಯಲ್ಲಿ ಸೇರಿದ ದೂಳು ಮತ್ತು ಜೇಬಿನ ನೂಲು. ಪ್ಲಗ್ ಪೂರ್ತಿ ಕೂರದೆ, ಫೋನು ಸ್ವಲ್ಪ ಅಲ್ಲಾಡಿದರೂ ಸಂಪರ್ಕ ತಪ್ಪುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ತೆಗೆದರೆ ಆಶ್ಚರ್ಯಪಡುವಷ್ಟು ಹೊರಬರುತ್ತದೆ. ಪಿನ್ನು, ಸೂಜಿ ಬೇಡ.

ನಾಲ್ಕನೆಯದು ಯಾರೂ ಮೊದಲೇ ಯೋಚಿಸದ್ದು. ಕೇಬಲ್ ಹಾಕಿದಾಗ ಎರಡೂ ಫೋನಿನ ಕಿಂಡಿ ತುಂಬಿತು, ಚಾರ್ಜರಿಗೆ ಜಾಗವಿಲ್ಲ. ಅಷ್ಟು ಸಾಲದೆಂದು ಒಂದು ಫೋನು ಇನ್ನೊಂದಕ್ಕೆ ವಿದ್ಯುತ್ ಊಡುತ್ತ ಕೂರುತ್ತದೆ. ಶೇಕಡಾ 30 ಚಾರ್ಜಿನಲ್ಲಿ ಶುರುಮಾಡಿದರೆ ಮುಗಿಯುವ ಮೊದಲೇ ಒಂದು ಮಲಗಬಹುದು. ಎರಡನ್ನೂ ತುಂಬ ಚಾರ್ಜ್ ಮಾಡಿಕೊಂಡೇ ಕೇಬಲ್ ಹಿಡಿಯಬೇಕು.

ಈಗ ಆ ಚೀಟಿಗೆ ಬರೋಣ. ನಮ್ಮ ಉದಾಹರಣೆಯ ಫೋನಿನಲ್ಲಿ ಮೊದಲ ಸಲ ವೈರ್‌ಲೆಸ್‌ನಲ್ಲಿ ಶೇಕಡಾ 37ಕ್ಕೆ ನಿಂತಿತು, ಎರಡನೇ ಸಲ 61ಕ್ಕೆ ಎಂದುಕೊಳ್ಳಿ. ನಿಲ್ಲುವ ಜಾಗ ಪ್ರತಿಸಲ ಬೇರೆಯಾದರೆ ತಪ್ಪು ಸಂಪರ್ಕದ್ದು: ಜಾಲ ಹಾರಿತು, ಕರೆ ಬಂತು, ಕೇಬಲ್ ಸಡಿಲವಾಯಿತು. ಇಂಥಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ ನೋಡಿ, ಇಲ್ಲವೇ ದಾರಿ ಬದಲಿಸಿ. ಜಾಗ ಬೇರೆ ಬೇರೆಯಾದರೂ ಶುರುವಾಗಿ ಸರಿಸುಮಾರು ಅಷ್ಟೇ ನಿಮಿಷಕ್ಕೆ ನಿಲ್ಲುತ್ತಿದ್ದರೆ ಅದು ಗಡಿಯಾರದ ತಪ್ಪು. ಪರದೆ ಆರುವುದು, ಆ್ಯಪನ್ನು ನಿದ್ದೆಗೆ ದೂಡುವುದು, ಅಥವಾ ಬಿಸಿ. ಬಿಸಿಯನ್ನು ಹಗುರವಾಗಿ ನೋಡಬೇಡಿ. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಬೇಕೆಂದು ಆ್ಯಪಲ್ ಹೇಳುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನಕ್ಕೆ ಆ ಮಿತಿ ದಾಟಿ ಬಹಳ ಹೊತ್ತಾಗಿರುತ್ತದೆ. ಕವರ್ ತೆಗೆದು, ಹಾಸಿಗೆಯ ಬದಲು ನೆಲದ ಮೇಲಿಟ್ಟು ಫ್ಯಾನ್ ಹಾಕಿದರೆ ಬರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಮೂರನೆಯ ಬಗೆ ಎಲ್ಲಕ್ಕಿಂತ ಮುಖ್ಯ. ವೈರ್‌ಲೆಸ್‌ನಲ್ಲೂ 74, ಕೇಬಲ್ಲಿನಲ್ಲೂ 74 ಎಂದಾದರೆ ಸಂಪರ್ಕವನ್ನು ಬಯ್ಯುವುದರಲ್ಲಿ ಅರ್ಥವಿಲ್ಲ. ಹಳೆ ಫೋನಿನಲ್ಲಿ ಓದಲಾಗದ ಫೈಲೊಂದಿದೆ, ಇಲ್ಲವೇ ಹೊಸ ಫೋನಿನಲ್ಲಿ ಜಾಗ ಮುಗಿದಿದೆ. ಜಾಗದ ವಿಷಯ ಸೆಟ್ಟಿಂಗ್‌ನಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ. ಡಬ್ಬದ ಮೇಲೆ ಬರೆದ ಜಿಬಿಯಲ್ಲಿ ಒಂದು ಪಾಲನ್ನು ಫೋನಿನ ಸ್ವಂತ ತಂತ್ರಾಂಶವೇ ನುಂಗಿರುತ್ತದೆ ಎಂಬುದು ನೆನಪಿರಲಿ. ಓದಲಾಗದ ಫೈಲು ಹೆಚ್ಚಾಗಿ ಸಿಗುವುದು ಹಳೆಯ ಮೆಮೊರಿ ಕಾರ್ಡಿನಲ್ಲಿ. ವರ್ಷಗಟ್ಟಲೆ ಬರೆದು ಅಳಿಸಿದ ಕಾರ್ಡಿನ ಯಾವುದೋ ಮೂಲೆ ಸವೆದಿರುತ್ತದೆ, ಅಲ್ಲಿಗೆ ಬಂದಾಗ ಫೋನು ಮತ್ತೆ ಮತ್ತೆ ಓದಲು ಹೆಣಗುತ್ತ ನಿಲ್ಲುತ್ತದೆ. ಕಾರ್ಡನ್ನು ಹೊರತೆಗೆದು ಮತ್ತೊಮ್ಮೆ ವರ್ಗಾವಣೆ ಮಾಡಿ. 74 ದಾಟಿತೆಂದರೆ ಕಳ್ಳ ಸಿಕ್ಕಿದ. ಕಾರ್ಡನ್ನು ಆಮೇಲೆ ಕಂಪ್ಯೂಟರಿಗೆ ಹಾಕಿ, ಒಂದೊಂದೇ ಫೋಲ್ಡರನ್ನು ನಕಲು ಮಾಡುತ್ತ ಹೋದರೆ ಯಾವ ವಿಡಿಯೊ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಉಳಿದದ್ದೆಲ್ಲ ಕೈಗೆ ಸಿಗುತ್ತದೆ. ಕಾರ್ಡನ್ನು ಫೋನಿನ ಒಳಜಾಗಕ್ಕೆ ಸೇರಿಸಿ ಬಳಸುತ್ತಿದ್ದರೆ ಮಾತ್ರ ಹೀಗೆ ಕೀಳಬೇಡಿ. ಆ ಕಾರ್ಡು ಬೇರೆಲ್ಲೂ ಓದಿಸಿಕೊಳ್ಳುವುದಿಲ್ಲ.

ನಿಲ್ಲುವುದು ಒಂದಾದರೆ, ಹೊಸ ಫೋನು ತಾನಾಗಿ ರೀಸ್ಟಾರ್ಟ್ ಆಗುವುದು ಇನ್ನೊಂದು. ಅದಕ್ಕೆ ದಾಖಲೆಯಾದ ಒಳ್ಳೆಯ ಉದಾಹರಣೆ 2023ರ ಸೆಪ್ಟೆಂಬರಿನದು. ಐಫೋನ್ 15 ಮಾರಾಟ ಶುರುವಾದ ಹೊತ್ತಿಗೇ ಆ್ಯಪಲ್ ಐಒಎಸ್ 17.0.2 ಬಿಡುಗಡೆ ಮಾಡಿತು. ಸೆಟಪ್ ವೇಳೆ ಹಳೆ ಐಫೋನಿನಿಂದ ನೇರ ವರ್ಗಾವಣೆಗೆ ಅಡ್ಡಿಯಾಗುತ್ತಿದ್ದ ದೋಷವನ್ನು ಸರಿಪಡಿಸಲೆಂದೇ ಅದು ಬಂದದ್ದು. ಡಬ್ಬದೊಳಗಿನ ಫೋನುಗಳಲ್ಲಿ ಮಾತ್ರ ಹಳೆಯ ಆವೃತ್ತಿಯೇ ಇತ್ತು. ಅಪ್‌ಡೇಟ್ ಮಾಡದೆ ಡೇಟಾ ಸಾಗಿಸಹೊರಟವರ ಫೋನು ಆ್ಯಪಲ್ ಲಾಂಛನ ಮತ್ತು ಅದರ ಕೆಳಗಿನ ಗೆರೆಯಲ್ಲೇ ಸಿಕ್ಕಿಕೊಳ್ಳಬಹುದಿತ್ತು. ಅದಕ್ಕೆ ಕಂಪನಿ ಕೊಟ್ಟ ಪರಿಹಾರ, ಫೋನನ್ನು ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶವನ್ನು ಹೊಸದಾಗಿ ಹಾಕುವುದು. ಹೊಸ ಫೋನಿನಲ್ಲಿ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ, ಹಳೆಯದು ಹಾಗೇ ಇತ್ತು, ಹೋದದ್ದು ಸಮಯ. ಆ ದೋಷ ಹೋಯಿತು, ಅದರ ಹಿಂದಿನ ನಿಯಮ ಉಳಿದಿದೆ: ಹೊಸ ಆವೃತ್ತಿಯ ಐಒಎಸ್‌ನಲ್ಲಿ ಮಾಡಿದ ಬ್ಯಾಕಪ್ಪನ್ನು ಹಳೆ ಆವೃತ್ತಿಯಿರುವ ಫೋನಿಗೆ ಹಾಕಲಾಗದು. ಹಳೆ ಫೋನು ನಿನ್ನೆ ಅಪ್‌ಡೇಟ್ ಆಗಿದ್ದು, ಹೊಸದು ತಿಂಗಳುಗಟ್ಟಲೆ ಗೋದಾಮಿನಲ್ಲಿದ್ದರೆ ಹೊಸದೇ ಹಿಂದುಳಿದಿರುತ್ತದೆ. ಅದು ಮೊದಲು ಅಪ್‌ಡೇಟ್ ಕೇಳಿದರೆ ಬೇಸರಿಸದೆ ಮಾಡಿಬಿಡಿ. ಆಂಡ್ರಾಯ್ಡ್‌ನಲ್ಲೂ ಮೊದಲು ತಂತ್ರಾಂಶ, ಆಮೇಲೆ ಸಾಮಾನು ಎಂಬ ಕ್ರಮವೇ ಒಳ್ಳೆಯದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಒಲವು ಎಲ್ಲವನ್ನೂ ಒಂದೇ ಸಲಕ್ಕೆ ಸಾಗಿಸದಿರುವುದರ ಕಡೆ. ಈ ವರ್ಗಾವಣೆಗಳು ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುತ್ತವೆಂಬ ಖಾತರಿಯಿಲ್ಲ. ಹಾಗಿರುವಾಗ 52 ಜಿಬಿಯನ್ನು ಒಂದೇ ಎಳೆಗೆ ಕಟ್ಟುವುದೇಕೆ? 22 ಜಿಬಿ ಫೋಟೊ, ವಿಡಿಯೊವನ್ನು ಒಂದು ದಿನ ಮುಂಚೆಯೇ ಕಂಪ್ಯೂಟರಿಗೋ ಪೆನ್ ಡ್ರೈವಿಗೋ ಹಾಕಿಕೊಳ್ಳಿ. ವರ್ಗಾವಣೆಯ ಪಟ್ಟಿಯಲ್ಲಿ ಅದರ ಗುರುತು ತೆಗೆದರೆ ಉಳಿದ ಕೆಲಸ ಹಗುರವಾಗುತ್ತದೆ.

ವಾಟ್ಸ್ಆ್ಯಪ್‌ಗೆ ಅದರದೇ ದಾರಿಯಿದೆ. 2023ರ ಮಧ್ಯದಿಂದ, ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ, ಐಫೋನಿನಿಂದ ಐಫೋನಿಗೆ ಕ್ಯೂಆರ್ ಕೋಡ್ ತೋರಿಸಿ ನೇರವಾಗಿ ಸಾಗಿಸಬಹುದು. ಹಳೆ ಫೋನಿನ ವಾಟ್ಸ್ಆ್ಯಪ್ ಸೆಟ್ಟಿಂಗ್‌ನಲ್ಲಿ `Chats` ಒಳಗೆ `Transfer chats` ಇದೆ. ಹೊಸ ಫೋನಿನಲ್ಲಿ ಅದೇ ನಂಬರಿನಿಂದ ನೋಂದಾಯಿಸಿಕೊಂಡಾಗ ಬರುವ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಬೇಕು. ಗೂಗಲ್ ಬ್ಯಾಕಪ್ ಮೂಲಕವೂ ತರಬಹುದು, ಆದರೆ ಈಗ ಆ ಬ್ಯಾಕಪ್ ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲೇ ಎಣಿಕೆಯಾಗುತ್ತದೆ. ನಮ್ಮ 18 ಜಿಬಿ ಅಲ್ಲಿ ಹಿಡಿಯುವುದಿಲ್ಲ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು ಮಾತ್ರ ಮೂವ್ ಟು ಐಒಎಸ್ ನಡೆಯುವಾಗಲೇ ವಾಟ್ಸ್ಆ್ಯಪ್ ಅನ್ನೂ ಆರಿಸಿಕೊಳ್ಳಬೇಕು. ಅಲ್ಲಿ ಇನ್ನೊಂದು ಎಚ್ಚರ: ಆಂಡ್ರಾಯ್ಡ್ ಫೋನು 'ಮುಗಿಯಿತು' ಎಂದರೂ ಐಫೋನಿನ ಗೆರೆ ತುಂಬುವವರೆಗೆ ಎರಡನ್ನೂ ಮುಟ್ಟಬಾರದು.

ಇನ್ನು ಕೆಲವು ಸಾಮಾನು ಯಾವ ದಾರಿಯಲ್ಲೂ ಬರುವುದಿಲ್ಲ, ಬರಲೂ ಬಾರದು. ಬ್ಯಾಂಕ್ ಆ್ಯಪ್, ಫೋನ್‌ಪೇ, ಗೂಗಲ್ ಪೇಗಳ ಐಕಾನ್ ಬಂದೀತು, ಒಳಗಿನ ನೋಂದಣಿ ಬಾರದು. ಯುಪಿಐ ನಿಮ್ಮ ಸಿಮ್ ಮತ್ತು ಆ ಫೋನನ್ನು ಒಟ್ಟಿಗೆ ಗುರುತಿಟ್ಟಿರುತ್ತದೆ. ಹೊಸ ಫೋನಿನಲ್ಲಿ ಸಿಮ್ ಹಾಕಿ, ಅದರಿಂದಲೇ ಒಂದು ಎಸ್ಎಂಎಸ್ ಹೋಗಿ, ಮತ್ತೆ ಗುರುತಾಗಬೇಕು. ಇದನ್ನು ವರ್ಗಾವಣೆ ಅರ್ಧಕ್ಕೆ ನಿಂತಿದ್ದರ ಫಲ ಎಂದು ತಿಳಿದು ಹೊಸ ಫೋನನ್ನು ಅಳಿಸಿ ಮೊದಲಿನಿಂದ ಶುರುಮಾಡುವವರಿದ್ದಾರೆ. ಹಾಗೆ ಮಾಡಿ ಪ್ರಯೋಜನವಿಲ್ಲ, ಸಿಮ್‌ನಲ್ಲಿ ಎಸ್ಎಂಎಸ್ ಹೋಗುವಷ್ಟು ಕರೆನ್ಸಿ ಇದೆಯೇ ನೋಡಿಕೊಳ್ಳಿ.

ಎಲ್ಲ ಮುಗಿಯಿತೆಂದು ಫೋನು ಹೇಳಿದ ಮೇಲೆ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುನ್ನ ಎರಡನ್ನೂ ಪಕ್ಕದಲ್ಲಿಟ್ಟು ಸಂಪರ್ಕ ಸಂಖ್ಯೆಗಳ ಎಣಿಕೆ, ಗ್ಯಾಲರಿಯ ಫೋಟೊಗಳ ಎಣಿಕೆ ತಾಳೆ ನೋಡಿ. ನಾಲ್ಕೈದು ಹಳೆಯ ವಿಡಿಯೊಗಳನ್ನು ಓಡಿಸಿ ನೋಡಿ. ಪಟ್ಟಿಯಲ್ಲಿ ಹೆಸರಿದ್ದೂ ತೆರೆಯದ ಫೈಲು, ನಕಲು ಅರ್ಧಕ್ಕೆ ಕಡಿದದ್ದರ ಗುರುತು. ಅಂಗಡಿಯವರು ಅವತ್ತೇ ಹಳೆ ಫೋನು ಕೊಡಿ ಎಂದು ಅವಸರ ಮಾಡಿದರೆ, ಎರಡು ದಿನ ಬಿಟ್ಟು ತರುತ್ತೇನೆ ಎಂದು ಕೊಳ್ಳುವ ಮೊದಲೇ ಮಾತಾಡಿಕೊಳ್ಳಿ.